ಕೈ ಸುಟ್ಟೈತಿ, ಸಾವಕಾರ್ರಿಗೆ ಎಷ್ಟ ದಿನದ ಸೂಟಿ ಅಂತ ಬರೀಲಿ?

ಪ್ರಶ್ನೆ: ನಾ ವಿಜಯಪುರದಾಗ ಒಂದು ಖಾನಾವಳಿಯೊಳಗ ಅಡಗಿ ಮಾಡ್ತೀನ್ರಿ. 4ನೇ ತಾರೀಖು ಮಂಗಳವಾರ ಮುಂಜಾನಿ ಹೋಳಿಗಿ ಸಲವಾಗಿ ಕಡ್ಲಿಬ್ಯಾಳಿ ಕಟ್ಟು ಬಸಿಯೂಮುಂದ ಬೋಗಾಣಿ ಜಾರಿ ಬಲಗೈ ಮ್ಯಾಲ ಬಿತ್ತು, ಮಣಿಕಟ್ಟಿಂದ ಮ್ಯಾಲ ಅರ್ಧಾ ಮುಂಗೈ ಸುಟ್ಟೈತಿ, ಬೊಬ್ಬಿ ಎದ್ದಾವು. ದವಾಖಾನ್ಯಾಗ ಸೆಕೆಂಡ್ ಡಿಗ್ರಿ ಅಂದ್ರು, ಮುಲಾಮು ಹಚ್ಚಿ ಪಟ್ಟಿ ಕಟ್ಟಿ ಶುಕ್ರವಾರ ಬಾ ಅಂದಾರ. ಸಾವಕಾರ್ರು ವಾಟ್ಸಾಪಿನಾಗ ಬರದು ಕಳಸು, ಎಷ್ಟ ದಿನ ಬೇಕು ಖರೆ ಹೇಳು ಅಂತಾರ. ನಮ್ಮ ತಮ್ಮ ಒಂದು ತಿಂಗಳು ಅಂತ ಬರಿ ಅಂತಾನ, ನನಗ ಎಂಟ ದಿನ ಅಂತ ಬರದ್ರ ಕೆಲಸ ಉಳೀತೈತಿ ಅನಸ್ತೈತಿ. ಏನಂತ ಬರೀಲಿ?

ಉತ್ತರ: ಎಂಟೂ ಬ್ಯಾಡ, ತಿಂಗಳೂ ಬ್ಯಾಡ ಅಕ್ಕಾರ. ಈಗ ಬರಿಯೂ ಪತ್ರದಾಗ ಶುಕ್ರವಾರತನಕ ಸೂಟಿ ಬೇಕು, ಅವತ್ತ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದ ಮ್ಯಾಲ ಮುಂದಿನ ತಾರೀಖು ಹೇಳ್ತೀನಿ ಅಂತ ಬರೀರಿ, ಅದರ ಜೋಡಿ ಸದ್ಯಕ್ಕ ಎರಡು ವಾರದಿಂದ ಮೂರು ವಾರ ಹಿಡೀಬಹುದು ಅಂತ ಒಂದು ಅಂದಾಜು ಹಾಕ್ರಿ. ನಿಮಗ ಇದನ್ನ ಫೋನಿನಾಗ ಆಗಲೇ ಹೇಳೇನಿ, ಇಲ್ಲಿ ಬಿಡಿಸಿ ಬರಿಯೂದು ಯಾಕಂದ್ರ ಖಾನಾವಳಿ, ಹಾಸ್ಟೆಲ್ ಮೆಸ್, ಮದವಿ ಅಡಗಿ ಮಾಡೂ ಮಂದಿಯಿಂದ ಇದ ಪ್ರಶ್ನೆ ಮ್ಯಾಲಿಂದ ಮ್ಯಾಲ ಬರ್ತೈತಿ.

ಮೊದಲನೇ ದಿನ ನೋಡಿ ಇಷ್ಟ ದಿನದಾಗ ಮಾಯ್ತೈತಿ ಅಂತ ಗಟ್ಟಿ ಹೇಳಾಕ ದವಾಖಾನ್ಯಾಗ ಸುಟ್ಟ ಗಾಯ ನೋಡೂ ನಮಗೂ ಬರೂದಿಲ್ರಿ. ಸುಟ್ಟ ಗಾಯ ಮೊದಲ ಎರಡು ಮೂರು ದಿನ ಒಂದ ಪರಿ ಇರೂದಿಲ್ಲ. ಮಧ್ಯದಾಗಿನ ಚರ್ಮ ಅವತ್ತ ಸತ್ತಿರತೈತಿ, ಅದರ ಸುತ್ತಲಿಂದು ಅರ್ಧಾ ಜೀವ ಹಿಡಕೊಂಡಿರತೈತಿ, ಆ ಸುತ್ತಲಿನ ಚರ್ಮಕ್ಕ ರಕ್ತ ಛಲೋ ಹರದ್ರ ಉಳೀತೈತಿ, ಬಾವು ಭಾಳ ಬಂದು, ಇಲ್ಲಾ ನಂಜು ಹತ್ತಿ ರಕ್ತ ಹರಿಯೂದು ಕಮ್ಮಿ ಆದ್ರ ಅದೂ ಸಾಯ್ತೈತಿ, ಅಂದ್ರ ಗಾಯ ಆಳಕ್ಕ ಇಳೀತೈತಿ. ಅದಕ್ಕ 48 ತಾಸಿನಿಂದ 72 ತಾಸಿನೊಳಗ ಇನ್ನೊಮ್ಮೆ ಬಿಚ್ಚಿ ನೋಡಿದ ಮ್ಯಾಲನ ಆಳ ಗೊತ್ತಾಗೂದು. ನಿಮ್ಮ ಡಾಕ್ಟರು ಶುಕ್ರವಾರ ಬಾ ಅಂದದ್ದು ಬರೇ ಪಟ್ಟಿ ಬದಲಿ ಮಾಡಾಕಲ್ಲ, ಇದಕ್ಕ.

ಸೆಕೆಂಡ್ ಡಿಗ್ರಿ ಅನ್ನೂ ಒಂದ ಮಾತಿನೊಳಗ ಎರಡು ಬ್ಯಾರೆ ಬ್ಯಾರೆ ಗಾಯ ಬರ್ತಾವು, ತೊಂದರಿ ಇರೂದ ಇಲ್ಲಿ. ಒಂದು ಮ್ಯಾಲಿಂದು, ಬೊಬ್ಬಿ ಎದ್ದು ಒಡದ ಮ್ಯಾಲ ಒಳಗ ಗುಲಾಬಿ ಬಣ್ಣ, ಹಸಿ ಹಸಿ, ಗಾಳಿ ತಾಗಿದ್ರೂ ಚೀರೂ ಹಂಗ ಉರೀತೈತಿ, ಬೆರಳಿಂದ ಒತ್ತಿ ಬಿಟ್ರ ಬೆಳ್ಳಗಾಗಿ ಕೂಡ್ಲೆ ಹೊಳ್ಳಿ ಕೆಂಪಾಗ್ತೈತಿ. ಇದು ಒಂದರಿಂದ ಎರಡು ವಾರ, ಭಾಳ ಅಂದ್ರ ಮೂರು ವಾರದಾಗ ತಾನ ಮಾಯ್ತೈತಿ, ಕಲಿ ಹೆಚ್ಚು ಉಳಿಯೂದಿಲ್ಲ. ಇನ್ನೊಂದು ಆಳದ್ದು, ಅಲ್ಲಲ್ಲೇ ಬಿಳಿ ಅಲ್ಲಲ್ಲೇ ದಟ್ಟ ಕೆಂಪು, ಒತ್ತಿ ಬಿಟ್ರ ಬಣ್ಣ ಹೊಳ್ಳಿ ಬರಾಕ ತಡಾ ಮಾಡ್ತೈತಿ ಇಲ್ಲಾ ಬರೂದ ಇಲ್ಲ, ಮತ್ತ ನೋವು ಕಮ್ಮಿ ಇರತೈತಿ. ಮಂದಿ ಮೋಸ ಹೋಗೂದು ಇಲ್ಲೇ, ನೋವಿಲ್ಲ ಅಂದ್ರ ಆರಾಮ ಆಗ್ಲಾಕತ್ತೈತಿ ಅಂತ ತಿಳಕೊಂಡು ಕೆಲಸಕ್ಕ ಹೊಂಟ ಬಿಡ್ತಾರ, ಖರೆ ಅಂದ್ರ ನೋವು ತಿಳಿಸೂ ನರಾನ ಸುಟ್ಟಿರತಾವು. ಈ ಗಾಯ ಮೂರು ವಾರ ದಾಟಿ ಹೋಗ್ತೈತಿ, ಒಮ್ಮೊಮ್ಮೆ ತೊಡಿ ಚರ್ಮ ತಗದು ಹಚ್ಚಬೇಕಾಗ್ತೈತಿ.

ನಿಮ್ಮ ಮ್ಯಾಲ ಬಿದ್ದದ್ದು ಬರೇ ನೀರಲ್ಲ, ಬ್ಯಾಳಿ ಕಟ್ಟು. ನೀರು ಬಿದ್ರ ಹರದು ಹೋಗ್ತೈತಿ, ಕಟ್ಟು ಗಂಜಿ ಇದ್ದಂಗ ಇರೂದ್ರಿಂದ ಚರ್ಮಕ್ಕ ಹತ್ತಕೊಂಡು ಕಾವು ಕೊಡ್ಕೋತ ಕುಂಡರತೈತಿ. 60 ಡಿಗ್ರಿ ಬಿಸಿ ನೀರು ಐದು ಸೆಕೆಂಡು ತಾಗಿದ್ರನ ಆಳದ ಗಾಯ ಆಗ್ತೈತಿ, ಒಲಿ ಮ್ಯಾಲಿಂದ ಇಳಿಸಿದ ಕಟ್ಟು ಕುದಿಯೂ ಬಿಸಿಯ ಹತ್ತರನ ಇರತೈತಿ. ಅದಕ್ಕ ಎಲ್ಲೆಲ್ಲೆ ಅದು ನಿಂತಿತ್ತೋ, ಅಂದ್ರ ಬಳಿ ಕೆಳಗ, ಮಣಿಕಟ್ಟಿನ ಮಡಚಿನಾಗ, ಕುಪ್ಪಸದ ತೋಳು ಅಲ್ಲಿತನಕ ಇದ್ರ ಅದರ ಅಂಚಿನಾಗ, ಅಲ್ಲಿ ಗಾಯ ಆಳ ಇರೂ ಸಾಧ್ಯತೆ ಹೆಚ್ಚು. ಶುಕ್ರವಾರ ಡಾಕ್ಟರಿಗೆ ನೀವ ಹೇಳ್ರಿ, ಬಿದ್ದದ್ದು ಬ್ಯಾಳಿ ಕಟ್ಟು, ಕೈಯಾಗ ಬಳಿ ಇದ್ದೂ, ನಳದ ಕೆಳಗ ಇಷ್ಟ ಹೊತ್ತು ಹಿಡದೆ ಅಂತ. ಅಂದ್ಹಂಗ ಬಳಿ ಇನ್ನೂ ಕೈಯಾಗನ ಇದ್ರ ಇವತ್ತ ತಗಸ್ರಿ, ಒಡಸಬೇಕಾದ್ರೂ ಅಡ್ಡಿಯಿಲ್ಲ, ಮನ್ಯಾಗ ಹಿರೇರು ಏನರ ಅಂದ್ರ ಡಾಕ್ಟರು ಹೇಳ್ಯಾರ ಅನ್ರಿ. ಬಾವು ಏರಿದ್ರ ಬಳಿ ಕೈಯನ್ನ ಬಿಗದು ಹಿಡೀತಾವು.

ಈಗ ಪತ್ರ. ಹಿಂಗ ಬರೀಬಹುದು:

"ಸಾವಕಾರ್ರಿಗೆ ನಮಸ್ಕಾರ್ರಿ. 4ನೇ ತಾರೀಖು ಮಂಗಳವಾರ ಮುಂಜಾನಿ ಖಾನಾವಳಿ ಅಡಗಿಮನ್ಯಾಗ ಬ್ಯಾಳಿ ಕಟ್ಟು ಬಸಿಯೂಮುಂದ ಬೋಗಾಣಿ ಜಾರಿ ನನ್ನ ಬಲ ಮುಂಗೈ ಮ್ಯಾಲ ಬಿಸಿ ಕಟ್ಟು ಬಿದ್ದೈತಿ. ಸುಮಾರು ಒಂದೂವರಿ ಅಂಗೈಯಷ್ಟು ಜಾಗಾ ಸುಟ್ಟು ಬೊಬ್ಬಿ ಬಂದಾವು. ಅವತ್ತ ದವಾಖಾನಿಗೆ ತೋರಿಸೇನಿ, ಸೆಕೆಂಡ್ ಡಿಗ್ರಿ ಅಂತ ಹೇಳಿ ಪಟ್ಟಿ ಕಟ್ಟ್ಯಾರ, ಚೀಟಿ ಫೋಟೋ ಹಚ್ಚೇನಿ. ಗಾಯ ಎಷ್ಟು ಆಳ ಐತಿ ಅನ್ನೂದು 7ನೇ ತಾರೀಖು ಶುಕ್ರವಾರ ಮತ್ತ ನೋಡಿದ ಮ್ಯಾಲ ಗೊತ್ತಾಗ್ತೈತಿ ಅಂದಾರ. ಅದಕ್ಕ ಸದ್ಯಕ್ಕ 4ರಿಂದ 7ರತನಕ ಸೂಟಿ ಕೊಡ್ರಿ. ಮ್ಯಾಲಿನ ಗಾಯ ಇದ್ರ ಚರ್ಮ ಕೂಡಾಕ ಎರಡರಿಂದ ಮೂರು ವಾರ ಹಿಡೀತೈತಿ ಅಂತಾರ, ಆಳ ಇದ್ರ ಹೆಚ್ಚು ಹಿಡೀತೈತಿ. ಶುಕ್ರವಾರ ಸಂಜಿಕ ನಾನ ಮೆಸೇಜ್ ಮಾಡಿ ಮುಂದಿನ ತಾರೀಖು ತಿಳಸ್ತೀನಿ. ಅಷ್ಟರತನಕ ರೊಟ್ಟಿ ಬಡಿಯಾಕ ಬ್ಯಾರೆ ಮಂದಿ ನೋಡ್ಕೋರಿ, ಹೂರಣದ ಅಳತಿ, ಮಸಾಲಿ ಪುಡಿ ಇಟ್ಟ ಜಾಗಾ ನಾ ಫೋನಿನಾಗ ಹೇಳ್ತೀನಿ."

ಇದರಾಗ ಒಂದೊಂದು ಮಾತೂ ಯಾಕ ಹಾಕೇನಿ ಅಂದ್ರ, ಒಂದೂವರಿ ಅಂಗೈ ಅನ್ನೂದು ನಾವೂ ಅಳಿಯೂ ರೀತಿ ಅದ, ಬೆರಳು ಸೇರಿ ನಮ್ಮ ಅಂಗೈ ಅಂದ್ರ ನಮ್ಮ ಮೈಯ ಚರ್ಮದಾಗ ನೂರಕ್ಕ ಒಂದು ಪಾಲು ಅಂತ ಹಿಡೀತಾರ. ನೀವು ಎಡಗೈ ಅಂಗೈಯನ್ನ ಗಾಯದ ಮ್ಯಾಲ ದೂರದಿಂದ ಹಿಡದು ಅಂದಾಜು ಮಾಡ್ರಿ, ನಾ ಬರದದ್ದು ಸರಿ ಆಗದಿದ್ರ ತಿದ್ರಿ. "ಕೈ ಪೂರಾ ಸುಟ್ಟ ಹೋಗೇತಿ" ಅಂತ ಬರದ್ರ ಸಾವಕಾರ್ರು ಗಾಬರಿ ಆಗಿ ಬ್ಯಾರೆಯವ್ರನ್ನ ಕಾಯಂ ತಗೊಂಡ ಬಿಡಬಹುದು, "ಸ್ವಲ್ಪ ಚುರಕ್ ಅಂದೈತಿ" ಅಂತ ಬರದ್ರ ನಾಳಿನ ಬಾ ಅಂತಾರ. ಇನ್ನ ಖಾನಾವಳಿ ಅಡಗಿಮನ್ಯಾಗ, ಕೆಲಸದ ಮ್ಯಾಲ ಇದ್ದಾಗ ಆತು ಅನ್ನೂದನ್ನ ಮಾತ್ರ ಬಿಡಬ್ಯಾಡ್ರಿ. ದೊಡ್ಡ ಹೋಟೆಲ್ಲು, ಹತ್ತು ಮಂದಿ ಇಲ್ಲಾ ಅದಕ್ಕಿಂತ ಹೆಚ್ಚು ಕೆಲಸಗಾರ್ರು ಇದ್ದಲ್ಲೆ ಪಗಾರದಾಗ ಇಎಸ್‌ಐ ಹಿಡೀತಿದ್ರ ಕೆಲಸದ ಮ್ಯಾಲ ಆದ ಗಾಯಕ್ಕ ಇಎಸ್‌ಐ ಡಾಕ್ಟರು ಸರ್ಟಿಫಿಕೇಟ್ ಕೊಟ್ಟಷ್ಟು ದಿನ ಪಗಾರದ ಸುಮಾರು 90 ಪರ್ಸೆಂಟ್ ಬರ್ತೈತಿ, ಆದ್ರ ಮಾಲಕರು ಅಪಘಾತದ ವರದಿ ಕೊಡಬೇಕು, ಆ ವರದಿಗೆ ಆಧಾರ ಆಗೂದು ನಿಮ್ಮ ಈ ಮೆಸೇಜ. ನಿಮ್ಮದು ಸಣ್ಣ ಖಾನಾವಳಿ ಇದ್ರ ಇಎಸ್‌ಐ ಇರಲಿಕ್ಕಿಲ್ಲ, ಆದ್ರೂ ದವಾಖಾನಿ ಖರ್ಚು, ಪಗಾರ ಕೇಳೂಮುಂದ ಬರದದ್ದೊಂದು ಇರಬೇಕ್ರಿ.

ಶುಕ್ರವಾರ ಹೋಗೂಮುಂದ ಒಂದು ಮಾತು ಲಕ್ಷ್ಯ ಇಡ್ರಿ. ಬಿಳಿ ಮುಲಾಮು, ಅದ ಬೆಳ್ಳಿ ಸೇರಿಸಿದ್ದು, ಕೊಟ್ಟಿದ್ರ ಅದು ಗಾಯದ ನೀರಿನ ಜೋಡಿ ಕೂಡಿ ಹಳದಿ ಬಿಳಿ ಪದರ ಆಗಿ ಕುಂಡರತೈತಿ. ನೋಡಿದವ್ರು ಕೀವು ಆಗೇತಿ ಅಂತ ಅಂಜತಾರ, ಅದು ಕೀವಲ್ಲ, ಆದ್ರ ಅದು ಇದ್ರ ಕೆಳಗಿನ ಆಳ ನೋಡಾಕ ಬರೂದಿಲ್ಲ. ಅವತ್ತ ಮುಂಜಾನಿ ಮನ್ಯಾಗ ಮತ್ತ ದಪ್ಪ ಹಚ್ಚಿಕೊಂಡು ಹೋಗಬ್ಯಾಡ್ರಿ, ದವಾಖಾನ್ಯಾಗ ತೊಳದು ನೋಡ್ತಾರ. ಹೋದಾಗ ಮೂರ ಪ್ರಶ್ನೆ ಕೇಳ್ರಿ: ಮ್ಯಾಲಿಂದೋ ಆಳದ್ದೋ, ಮುಂದ ಯಾವ ತಾರೀಖಿಗೆ ತೋರಸ್ಲಿ, ಒಲಿ ಮುಂದ ನಿಲ್ಲಾಕ ಎಂದ ಬಿಡ್ತೀರಿ. ಚೀಟಿ ಮ್ಯಾಲ ಬರದು ಕೊಡ್ರಿ ಅನ್ರಿ, ಬಾಯಿಲೆ ಹೇಳಿದ್ದು ಸಾವಕಾರ್ರಿಗೆ ಮುಟ್ಟೂದಿಲ್ಲ. ಟಿಟಿ ಇಂಜೆಕ್ಷನ್ ಮೊದಲನೇ ದಿನ ಕೊಟ್ಟಿರದಿದ್ರ ಅದನ್ನೂ ಕೇಳ್ರಿ. ಸಕ್ಕರಿ ಕಾಯಿಲೆ ಇದ್ರ ಮುಚ್ಚಿಡಬ್ಯಾಡ್ರಿ, ಸಕ್ಕರಿ ಹೆಚ್ಚಿದ್ರ ಈ ಎರಡು ಮೂರು ವಾರದ ಲೆಕ್ಕ ತಪ್ಪತೈತಿ.

ಅವತ್ತ ಮ್ಯಾಲಿನ ಗಾಯಾನ ಅಂತ ಹೇಳಿದ್ರು ಅಂತ ಹಿಡೀರಿ, ಲೆಕ್ಕ ಹೆಂಗ ಹಾಕೂದು ಅಂದ್ರ, ಇಲ್ಲಿ ಮಾಯೂದು ಅಂದ್ರ ಒಂದಲ್ಲ ಮೂರು ಹಂತ ಐತಿ, ಸಾವಕಾರ್ರು ಕೇಳೂದು ಮೂರನೇದು, ಡಾಕ್ಟರು ಹೇಳೂದು ಮೊದಲನೇದು, ಅದಕ್ಕ ಜಗಳ. ಮೊದಲನೇದು ಚರ್ಮ ಕೂಡೂದು, ಪಟ್ಟಿಗೆ ನೀರು ಹತ್ತೂದು ನಿಲ್ಲತೈತಿ, ನಿಮ್ಮ ಲೆಕ್ಕದಾಗ ಇದು ಸುಮಾರು 18ನೇ ತಾರೀಖಿಗೆ, ಎರಡು ವಾರಕ್ಕ. ಎರಡನೇದು ಮಣಿಕಟ್ಟು ಪೂರಾ ಮಡಚಿ ಬಿಚ್ಚಾಕ ಬರೂದು. ಗಾಯ ಕೈ ಮಣಿಕಟ್ಟಿನ ತನಕ ಇಳದೈತಿ ಅಂತ ಬರದೀರಿ, ನೋವಿಗೆ ಅಂಜಿ ಕೈ ಒಂದ ಕಡೆ ಇಟ್ರ ಬಿಗೀತೈತಿ, ಅದಕ್ಕ ಪಟ್ಟಿ ಇದ್ದಾಗಿಂದನ ದಿನಾ ನಾಕೈದು ಸಲ ಬೆರಳು ಮುಚ್ಚಿ ತಗದು, ಮಣಿಕಟ್ಟು ಮ್ಯಾಲ ಕೆಳಗ ಆಡಸ್ರಿ, ಕುಂತಾಗ ಕೈ ದಿಂಬಿನ ಮ್ಯಾಲ ಎದಿ ಮಟ್ಟಕ್ಕ ಇಟ್ಟಿರ್ರಿ, ಬಾವು ಇಳೀತೈತಿ. ಮೂರನೇದು ಹೊಸ ಚರ್ಮ ಒಲಿ ಕಾವು ತಾಳೂದು. ಇದಕ್ಕ ಎಲ್ಲಾದ್ರಕ್ಕಿಂತ ಹೆಚ್ಚು ದಿನ ಹಿಡೀತೈತಿ, ಹೊಸ ಚರ್ಮ ತೆಳ್ಳಗ ಗುಲಾಬಿ ಇರತೈತಿ, ತಿಕ್ಕಿದ್ರ ಕಿತ್ತ ಬರ್ತೈತಿ, ಕಾವು ತಾಗಿದ್ರ ಮತ್ತ ಬೊಬ್ಬಿ ಏಳ್ತೈತಿ.

ಹಂಗಾಗಿ ಶುಕ್ರವಾರದ ಎರಡನೇ ಮೆಸೇಜ್ ಹಿಂಗ ಇರ್ಲಿ: "ಇವತ್ತ ಬಿಚ್ಚಿ ನೋಡ್ಯಾರ್ರಿ, ಗಾಯ ಮ್ಯಾಲಿಂದು ಅಂದಾರ, 18ನೇ ತಾರೀಖಿಗೆ ಮತ್ತ ತೋರಸಬೇಕು. ಅಲ್ಲಿತನಕ ಸೂಟಿ ಬೇಕ್ರಿ. ಚರ್ಮ ಕೂಡಿದ್ರ 19ರಿಂದ ಬಂದು ಲೆಕ್ಕ ಬರಿಯೂದು, ಸಂತಿ ಯಾದಿ, ಹೊಸಬರಿಗೆ ಅಡಗಿ ಹೇಳಿಕೊಡೂದು ಮಾಡ್ತೀನಿ, ಒಲಿ ಮುಂದ, ರೊಟ್ಟಿ ಬಡಿಯಾಕ, ಭಾಂಡೆ ತಿಕ್ಕಾಕ 25ನೇ ತಾರೀಖಿನ ನಂತರ, ಅದೂ ಡಾಕ್ಟರು ಹೂಂ ಅಂದ್ರ." ನೋಡ್ರಿ, ಇದರಾಗ ನೀವು ಪೂರಾ ಬರೂದಿಲ್ಲ ಅಂತ ಹೇಳ್ಲಿಲ್ಲ, ಪೂರಾ ಬರ್ತೀನಿ ಅಂತಾನೂ ಹೇಳ್ಲಿಲ್ಲ. ಕೆಲಸ ಉಳಿಸಿಕೊಳ್ಳೂದ ನಿಮ್ಮ ಚಿಂತಿ ಇದ್ರ ಎಂಟ ದಿನ ಅಂತ ಸುಳ್ಳು ಬರದು ಒಂಬತ್ತನೇ ದಿನ ಮತ್ತ ಸೂಟಿ ಕೇಳೂದಕ್ಕಿಂತ ಇದು ಛಲೋ.

ಗಾಯ ಕೂಡೂ ಮೊದಲ "ಬರೇ ಕಾಯಿಪಲ್ಯ ಹೆಚ್ಚು ಬಾ, ಎಡಗೈಲೆ ಬಡಸು ಬಾ" ಅಂತ ಸಾವಕಾರ್ರು ಕರದ್ರ ಏನು ಮಾಡೂದು? ಇದಕ್ಕ ನಿಮ್ಮ ಕಡೆ ಗಟ್ಟಿ ಉತ್ತರ ಐತಿ. ಆಹಾರ ಸುರಕ್ಷತೆಯ 2011ರ ಲೈಸೆನ್ಸ್ ನಿಯಮದಾಗ, ಅದರ 4ನೇ ಶೆಡ್ಯೂಲಿನಾಗ, ಕೊಯ್ದ ಗಾಯ, ಹುಣ್ಣು ಇದ್ದವ್ರು ಗಾಯ ಮುಚ್ಚಿರಬೇಕು, ಅಂಥವ್ರನ್ನ ಆಹಾರಕ್ಕ ನೇರ ಕೈ ಹಚ್ಚಾಕ ಬಿಡಬಾರ್ದು ಅಂತ ಐತಿ, ಅಡಗಿಮನಿ ಪರಿಶೀಲನೆಗೆ ಬಂದವ್ರು ಇದನ್ನ ನೋಡ್ತಾರ. ಹಸಿ ಗಾಯದಾಗ ಕುಂತ ಸೂಕ್ಷ್ಮಜೀವಿ ಪಲ್ಯಾಕ್ಕ ಇಳದು ಉಂಡವ್ರಿಗೆ ವಾಂತಿ ಆಗೂದುಂಟು. ಇದನ್ನ ಕಾಯ್ದೆ ತೋರಿಸಿ ಹೆದರಿಸೂ ಧಾಟಿಯೊಳಗ ಬರೀಬ್ಯಾಡ್ರಿ, "ಗಾಯದ ಕೈಲೆ ಊಟ ಮುಟ್ಟಿದ್ರ ಗಿರಾಕಿಗೂ ಖಾನಾವಳಿ ಲೈಸೆನ್ಸಿಗೂ ತ್ರಾಸ ಆಗ್ತೈತ್ರಿ, ಅದಕ್ಕ ಚರ್ಮ ಕೂಡಿದ ಮ್ಯಾಲ ಬರ್ತೀನಿ" ಅಂದ್ರ ಸಾವಕಾರ್ರಿಗೆ ತಮ್ಮ ಲಾಭಾನ ಕಾಣತೈತಿ. ಪಟ್ಟಿ ಮ್ಯಾಲ ಪ್ಲಾಸ್ಟಿಕ್ ಹ್ಯಾಂಡ್‌ಗ್ಲೌಸ್ ಹಾಕ್ಕೊಂಡು ಮಾಡು ಅಂದ್ರ ಅದೂ ಬ್ಯಾಡ, ಮುಂಗೈ ಗಾಯಕ್ಕ ಗ್ಲೌಸ್ ಮುಟ್ಟೂದಿಲ್ಲ, ಮುಟ್ಟೂವಂಥ ಉದ್ದಂದು ಹಾಕಿದ್ರ ಒಳಗ ಬೆವತು ಪಟ್ಟಿ ತೊಯ್ತೈತಿ.

ಫೋಟೋ ಕೇಳಿದ್ರ ಕಳಸ್ರಿ, ಆದ್ರ ಒಂದೂ ಎರಡೂ ಸಾಕು, ಪಟ್ಟಿ ಬಿಚ್ಚಿದಾಗ ದವಾಖಾನ್ಯಾಗನ ತಗೋರಿ. ಮನ್ಯಾಗ ಫೋಟೋ ಸಲವಾಗಿ ಪಟ್ಟಿ ಬಿಚ್ಚಿ ಕಟ್ಟೂದು ಮಾಡಿದ್ರ ಹುಟ್ಟಿದ ಹೊಸ ಚರ್ಮ ಅರಿಬಿ ಜೋಡಿ ಕಿತ್ತ ಬರ್ತೈತಿ. ಬೊಬ್ಬಿ ನೀವು ಒಡೀಬ್ಯಾಡ್ರಿ, ತುಪ್ಪ, ಅರಿಷಿಣ, ಟೂತ್‌ಪೇಸ್ಟ್, ಇಂಕು ಇವು ಯಾವೂ ಹತ್ತರ ತರಬ್ಯಾಡ್ರಿ, ಹಚ್ಚಿ ಹೋದ್ರ ತೊಳದು ತಗಿಯಾಕ ನಮಗ ಅರ್ಧಾ ತಾಸು ಬೇಕು, ನಿಮಗ ಆ ಅರ್ಧಾ ತಾಸು ಜೀವ ಹೋದಂಗ ಆಗ್ತೈತಿ. (ಪಕ್ಕದ ಮನಿ ಅಜ್ಜಿ ಹೇಳಿದ ಔಷಧಕ್ಕ ಎದುರು ಮಾತಾಡೂದು ಕಷ್ಟ ಅಂತ ಗೊತ್ತೈತಿ, ಹೂಂ ಅಂದು ಸುಮ್ನಿರ್ರಿ.)

ಇನ್ನ ಕೆಲವು ಚಿನ್ಹಿ ಬಂದ್ರ ತೋರಸೂ ತಾರೀಖಿನ ದಾರಿ ಕಾಯಬ್ಯಾಡ್ರಿ. ಸುಟ್ಟದ್ದು ಮುಂಗೈ ಸುತ್ತಲೂ ಬಳಿ ಇದ್ದಂಗ ಪೂರಾ ಬಂದಿದ್ರ, ಬೆರಳು ತಣ್ಣಗಾದ್ರ, ನೀಲಿ ಆದ್ರ, ಜೋಮು ಹಿಡದ್ರ ಅವತ್ತಿನ ತಾಸಿನಾಗನ ದೊಡ್ಡ ದವಾಖಾನಿಗೆ ಹೋಗ್ರಿ. ಇಳಿಮುಖ ಆಗಿದ್ದ ನೋವು ಮೂರ್ನಾಕು ದಿನದ ಮ್ಯಾಲ ಒಮ್ಮೆಲೆ ಏರಿದ್ರ, ಗಾಯದ ಅಂಚಿನ ಕೆಂಪು ದಿನಾ ಹರಕೋತ ಮ್ಯಾಲ ಹೊಂಟ್ರ, ಹಸರು ನೀರು, ನಾತ, ಜ್ವರ ಬಂದ್ರ ಅದು ನಂಜು. ಕೆಂಪು ಹರೀತೈತೋ ಇಲ್ಲೋ ಅಂತ ನೋಡಾಕ ಪೆನ್ನಿಲೆ ಅಂಚಿಗೆ ಒಂದು ಗೆರಿ ಎಳದು ಇಡ್ರಿ, ಸಂಜಿಕ ಗೆರಿ ದಾಟಿದ್ರ ಹೋಗ್ರಿ. ಹಂಗ ಆದ್ರ ಸಾವಕಾರ್ರಿಗೆ ಅವತ್ತ ಸಣ್ಣದೊಂದು ಮೆಸೇಜ್, "ನಂಜು ಹತ್ತೈತಿ, 18ನೇ ತಾರೀಖು ಮುಂದ ಹೋಗಬಹುದು" ಅಂತ.

25ನೇ ತಾರೀಖಿಗೂ, ಅಂದ್ರ ಮೂರು ವಾರಕ್ಕೂ, ನಡುವ ಹಸಿ ಜಾಗಾ ಉಳದಿದ್ರ ಅದು ಮೊದಲಿಂದನ ಆಳದ್ದಿತ್ತು ಇಲ್ಲಾ ನಡುವ ಆಳಕ್ಕ ಇಳದೈತಿ ಅಂತ ತಿಳೀಬೇಕು. ಇನ್ನೊಂದು ವಾರ ನೋಡೂಣು, ಇನ್ನೊಂದು ವಾರ ನೋಡೂಣು ಅಂತ ಎಳೀಬ್ಯಾಡ್ರಿ, ಮೂರು ವಾರ ದಾಟಿ ಮಾಯೂ ಗಾಯ ದಪ್ಪ ಕಲಿ ಬಿಡ್ತೈತಿ, ಮಣಿಕಟ್ಟಿನ ಮ್ಯಾಲ ಬಿದ್ರ ಕೈ ಮಡಚಾಕ ಅಡ್ಡ ಬರ್ತೈತಿ. ಪ್ಲಾಸ್ಟಿಕ್ ಸರ್ಜನ್ನರಿಗೆ ತೋರಿಸಬೇಕು. ಆಗ ಸೂಟಿ ಲೆಕ್ಕ ವಾರದಾಗಲ್ಲ, ತಿಂಗಳದಾಗ, ಅವತ್ತ ಸಾವಕಾರ್ರ ಮುಂದ ಕುಂತು ಮಾತಾಡ್ರಿ, ಮೆಸೇಜಿನಾಗ ಬ್ಯಾಡ.

ಎಲ್ಲಾ ಸರಿ ಹೋಗಿ ಒಲಿ ಮುಂದ ಹೊಳ್ಳಿ ನಿಂತಾಗ ಮೊದಲ ಸಾರು ಪಲ್ಯಾ ಮಾಡ್ರಿ, ರೊಟ್ಟಿ ಕಡೀಕ ಇಟ್ಕೋರಿ. ಜ್ವಾಳದ ಹಿಟ್ಟಿಗೆ ಬಿಸಿ ನೀರು ಹಾಕಿ ನಾದೂದು, ಬಡಿಯೂಮುಂದ ಮುಂಗೈ ಅಲ್ಲಾಡೂದು, ಹಂಚಿನ ಕಾವು ಕೈಮ್ಯಾಲ ಬರೂದು, ಮೂರೂ ಒಂದ ಕೆಲಸದಾಗ ಬರ್ತಾವು. ಮುಂಗೈ ಮುಚ್ಚೂ ಸಡ್ಲ ಹತ್ತಿ ತೋಳು ಹಾಕ್ಕೋರಿ, ನೈಲಾನ್ ಬ್ಯಾಡ. ಹೊಸ ಚರ್ಮ ಭಾಳ ಕಡೀತೈತಿ, ಕೆರೀಬ್ಯಾಡ್ರಿ, ಕೊಬ್ಬರಿ ಎಣ್ಣಿ ದಿನಾ ಎರಡು ಮೂರು ಸಲ ಮೆತ್ತಗ ಸವರ್ರಿ, ಬಿಸಲಾಗ ಹೋಗೂಮುಂದ ಸೆರಗು ಮುಚ್ಕೋರಿ, ಇಲ್ಲಾಂದ್ರ ಕಪ್ಪ ಕಲಿ ಉಳೀತೈತಿ. ಕಟ್ಟು ಬಸಿಯೂದು ಮಾತ್ರ ಒಬ್ಬರ ಮಾಡಬ್ಯಾಡ್ರಿ, ತುಂಬಿದ ಬೋಗಾಣಿ ಎತ್ತಿ ಬಗ್ಗಿಸೂದರ ಬದಲಿ ಸಣ್ಣ ಪಾತ್ರಿಲೆ ತೋಡಿ ಜರಡಿಗೆ ಹಾಕ್ರಿ, ಹಂಗ ಮಾಡಾಕ ಒಂದು ಹಿಡಕಿ ಇದ್ದ ಜಗ್ಗು, ಒಂದು ದೊಡ್ಡ ಜರಡಿ ತರಸ್ರಿ ಅಂತ ಎರಡನೇ ಮೆಸೇಜಿನ ಕೊನಿಗೆ ಸಾವಕಾರ್ರಿಗೆ ಬರದ್ರೂ ತಪ್ಪಿಲ್ಲ.